ರಾತ್ರಿ ಪಾಳಿಯ ಟಿಪ್ಪಣಿ ಬೆಳಗಿನವರಿಗೆ ಅರ್ಥವಾಗಲಿಲ್ಲ: 207ರ ಅತಿಥಿಗಳು 312ರಲ್ಲಿ ಮಲಗಿದ್ದರು

ರಾತ್ರಿಪಾಳಿ ಮೈಸೂರು

ನಾನು ಮೈಸೂರಿನ 54 ಕೋಣೆಗಳ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಕೆಲಸ ಮಾಡುತ್ತೇನೆ. ಕಳೆದ ವಾರ ನನ್ನ ಪಾಳಿಯಲ್ಲಿ ಆರಂಭವಾದ ಒಂದು ತೊಂದರೆ ಬೆಳಗಿನ ಪಾಳಿಯಲ್ಲಿ ದೊಡ್ಡದಾಯಿತು. ನಾನು ಲಾಗ್ ಬುಕ್‌ನಲ್ಲಿ ಬರೆದ ಟಿಪ್ಪಣಿಯೇ ಅದಕ್ಕೆ ಕಾರಣವೆಂದು ನನಗೆ ಅನಿಸುತ್ತಿದೆ. ಅನುಭವವುಳ್ಳವರು ಓದಿ, ಅದನ್ನು ಹೇಗೆ ಬರೆಯಬೇಕಿತ್ತು ಎಂದು ತಿಳಿಸಬೇಕೆಂದು ಕೋರುತ್ತೇನೆ.

ಊಟಿಯಿಂದ ಬಂದ ಒಂದು ಕುಟುಂಬ, ಬಂಡೀಪುರದ ರಸ್ತೆಯನ್ನು ರಾತ್ರಿ 9ಕ್ಕೆ ಮುಚ್ಚುವ ಮೊದಲು ದಾಟಿಕೊಂಡು, ದಾರಿಯಲ್ಲಿ ಊಟ ಮುಗಿಸಿ, 11:40ಕ್ಕೆ ನಮ್ಮಲ್ಲಿಗೆ ತಲುಪಿತು. ಗಂಡ, ಹೆಂಡತಿ ಮತ್ತು ವಯಸ್ಸಾದ ತಾಯಿ. ಅವರಿಗೆ 207 ಕೊಟ್ಟೆ. 12:50ಕ್ಕೆ ಬಿಸಿನೀರು ಬರುತ್ತಿಲ್ಲವೆಂದು ಫೋನ್ ಮಾಡಿದರು. ಗೀಸರ್ ಕೆಟ್ಟಿತ್ತು, ರಾತ್ರಿ ಎಲೆಕ್ಟ್ರಿಷಿಯನ್ ಇರಲಿಲ್ಲ. ಆದ್ದರಿಂದ ಅವರನ್ನು ಮೂರನೇ ಮಹಡಿಗೆ ಕರೆದೊಯ್ದು 312 ತೋರಿಸಿದೆ. ಒಪ್ಪಿದರು. ರೂಮ್ ಬಾಯ್ ಸಾಮಾನು ಸಾಗಿಸಿದ. ನಾನು ಕೆಳಗೆ ಬರುವ ಹೊತ್ತಿಗೆ ಆ ದಿನದ ಲೆಕ್ಕ ಮುಗಿಸುವ ನೈಟ್ ಆಡಿಟ್ ನಡೆಯುತ್ತಿತ್ತು. ಅದು ಮುಗಿಯುವವರೆಗೆ ನಮ್ಮ ಸಾಫ್ಟ್‌ವೇರ್ ಕೋಣೆ ಬದಲಾವಣೆಯನ್ನು ತೆಗೆದುಕೊಳ್ಳುವುದಿಲ್ಲ. ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಅಷ್ಟರಲ್ಲಿ ಇನ್ನೊಬ್ಬ ಅತಿಥಿ ಬಂದರು, ಚೀಟಿ ಮರೆತುಹೋಯಿತು.

ಬೆಳಗಿನ ಪಾಳಿಗೆ ನಾನು ಬರೆದಿಟ್ಟದ್ದು ಇಷ್ಟು: "207 ಗೀಸರ್ ಪ್ರಾಬ್ಲಂ. 312 ತೋರಿಸಿದೆ. ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ನಾಳೆ 7:15ಕ್ಕೆ ವೇಕ್‌ಅಪ್, 8ಕ್ಕೆ ಏರ್‌ಪೋರ್ಟ್ ಟ್ಯಾಕ್ಸಿ. ಗೆಸ್ಟ್ ಬೇಜಾರಾಗಿದ್ದಾರೆ, ನೋಡಿಕೊಳ್ಳಿ."

ಬೆಳಿಗ್ಗೆ ಬಂದ ಸಹೋದ್ಯೋಗಿ ಇದನ್ನು ಓದಿ, 312 ತೋರಿಸಿದ್ದಾರೆ, ಅತಿಥಿ ಒಪ್ಪಲಿಲ್ಲ ಎಂದು ತಿಳಿದರು. ಸಾಫ್ಟ್‌ವೇರ್‌ನಲ್ಲಿ 207ರಲ್ಲಿ ಜನ ಇದ್ದಾರೆ, 312 ಖಾಲಿ ಮತ್ತು ಸಿದ್ಧ ಎಂದೇ ಇತ್ತು. 7:15ರ ಕರೆ 207ರಲ್ಲಿ ರಿಂಗಾಗಿ ನಿಂತಿತು. 7:40ಕ್ಕೆ ಬೇಗ ಬಂದ ಬೇರೊಬ್ಬ ಅತಿಥಿಗೆ 312ರ ಕೀ ಕಾರ್ಡ್ ಮಾಡಿಕೊಟ್ಟರು. ಅವರು ಬಾಗಿಲು ತೆರೆದಾಗ ಒಳಗೆ ಆ ಮೂವರೂ ನಿದ್ದೆಯಲ್ಲಿದ್ದರು. ಆ ತಾಯಿ ಹೆದರಿ ಕೂಗಿಕೊಂಡರಂತೆ. ಅವರು ಹೊರಡುವಾಗ 8:35. ಬಿಲ್ ಕೊಡುವಾಗ, ರಾತ್ರಿಯವರು ಬಾಡಿಗೆ ಕಡಿಮೆ ಮಾಡುವುದಾಗಿ ಹೇಳಿದ್ದರು ಎಂದರು. ನಾನು "ಬೆಳಿಗ್ಗೆ ಮ್ಯಾನೇಜರ್ ನೋಡಿ ಕಡಿಮೆ ಮಾಡಿಕೊಡುತ್ತಾರೆ" ಎಂದಿದ್ದು ನಿಜ. ಅದನ್ನು ಟಿಪ್ಪಣಿಯಲ್ಲಿ ಬರೆದಿರಲಿಲ್ಲ.

ಮೆಮೊ ಕಂಡವನು

ಸರ್, ಇಂಥ ಸಂದರ್ಭದಲ್ಲಿ ಮ್ಯಾನೇಜ್‌ಮೆಂಟ್ ಮೆಮೊ ಕೊಟ್ಟೇ ಕೊಡುತ್ತದೆ. ವಿವರಣೆಯನ್ನು ಬರೆಯುವಾಗ ತಪ್ಪನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಡಿ. ರಾತ್ರಿ ಒಬ್ಬರೇ ಇದ್ದಿರಿ, ಎಲೆಕ್ಟ್ರಿಷಿಯನ್ ಇರಲಿಲ್ಲ ಎಂಬುದನ್ನು ಮೊದಲು ಬರೆಯಿರಿ. ನನಗೆ ಎರಡು ಬಾರಿ ಮೆಮೊ ಬಂದಿದೆ. ಎರಡೂ ಬಾರಿ ಹೀಗೆಯೇ ಉತ್ತರಿಸಿದೆ.

ರಾತ್ರಿಪಾಳಿ ಮೈಸೂರು

ಕಾಳಜಿಗೆ ಧನ್ಯವಾದಗಳು. ಆದರೆ ನನಗೆ ಮೆಮೊ ಬಂದಿಲ್ಲ. ಉತ್ತರ ಬರೆಯುವುದು ಹೇಗೆ ಎಂಬುದು ನನ್ನ ಪ್ರಶ್ನೆಯಲ್ಲ, ಟಿಪ್ಪಣಿ ಬರೆಯುವುದು ಹೇಗೆ ಎಂಬುದು.

ತಂತ್ರಾಂಶ ಬೆಂಗಳೂರು

ನಾನು ಹೋಟೆಲ್‌ಗಳಿಗೆ ಸಾಫ್ಟ್‌ವೇರ್ ಅಳವಡಿಸುವ ಕೆಲಸ ಮಾಡುತ್ತೇನೆ. ಲಾಗ್ ಬುಕ್ ಎಂಬ ಪುಸ್ತಕವೇ ಸಮಸ್ಯೆಯ ಮೂಲ ಎಂಬುದು ನನ್ನ ಅಭಿಪ್ರಾಯ. ಪ್ರತಿ ಬುಕಿಂಗ್‌ನಲ್ಲೂ ಸೂಚನೆ ಬರೆಯಲು ಜಾಗವಿದೆ. ಅಲ್ಲಿ ಸಮಯ ಹಾಕಿ ಬರೆದರೆ ಆ ಹೊತ್ತಿಗೆ ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಯಾರು ಬರೆದರು, ಎಷ್ಟು ಗಂಟೆಗೆ ಬರೆದರು ಎಂಬುದೂ ಉಳಿಯುತ್ತದೆ. ಎಲ್ಲವನ್ನೂ ಅಲ್ಲಿಯೇ ಬರೆದಿದ್ದರೆ ಕೈಬರಹದ ಟಿಪ್ಪಣಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಹಳೆಯ ಡ್ಯೂಟಿ ಮ್ಯಾನೇಜರ್

ನಾನು 22 ವರ್ಷ ಫ್ರಂಟ್ ಆಫೀಸ್‌ನಲ್ಲಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ರಾತ್ರಿ ಪಾಳಿಯನ್ನು ನೋಡಿಕೊಂಡವನು. ತಂತ್ರಾಂಶದವರ ಮಾತಿನಲ್ಲಿ ಅರ್ಧ ಸರಿಯಿದೆ. ಸಮಯಕ್ಕೆ ಮೂಡುವ ಸೂಚನೆ ವೇಕ್‌ಅಪ್ ಕರೆಗೆ, ಟ್ಯಾಕ್ಸಿಗೆ ಬಹಳ ಉಪಯುಕ್ತ. ಆದರೆ ಈ ಪ್ರಕರಣದಲ್ಲಿ ಆ ಸೂಚನೆ 207ರ ಬುಕಿಂಗ್‌ಗೆ ಅಂಟಿಕೊಂಡಿರುತ್ತಿತ್ತು. ಬೆಳಗಿನವರು 7:40ಕ್ಕೆ ತೆರೆದದ್ದು 312ನ್ನು, ಅಲ್ಲಿ ಯಾವ ಸೂಚನೆಯೂ ಕಾಣುತ್ತಿರಲಿಲ್ಲ. ಸಾಫ್ಟ್‌ವೇರ್ ಹೇಳುವುದಕ್ಕೂ ವಾಸ್ತವಕ್ಕೂ ವ್ಯತ್ಯಾಸ ಬಂದಿರುವಾಗ, ಆ ವ್ಯತ್ಯಾಸವನ್ನು ಅದೇ ಸಾಫ್ಟ್‌ವೇರ್‌ನೊಳಗೆ ಬರೆದಿಟ್ಟರೆ ಅದನ್ನು ಹುಡುಕುವವರು ಯಾರು? ಟಿಪ್ಪಣಿ ಇರುವುದೇ ಆ ವ್ಯತ್ಯಾಸವನ್ನು ಹೇಳುವುದಕ್ಕೆ.

ಇನ್ನು ನಿಮ್ಮ ಟಿಪ್ಪಣಿಯ ಮಾತು. ಅದನ್ನು ನಾಲ್ಕು ಬಾರಿ ಓದಿದೆ. ನೀವು ಚಿಕ್ಕದಾಗಿ ಬರೆದದ್ದು ತಪ್ಪಲ್ಲ, ಎರಡು ಅರ್ಥ ಬರುವಂತೆ ಬರೆದದ್ದು ತಪ್ಪು. "312 ತೋರಿಸಿದೆ" ಎಂದರೆ ತೋರಿಸಿದ ಮೇಲೆ ಏನಾಯಿತು? "ಎಲೆಕ್ಟ್ರಿಷಿಯನ್‌ಗೆ ಹೇಳಿದೆ" ಎಂದರೆ ನೀವು ಹೇಳಿದಿರೋ, ಯಾರೋ ಹೇಳಿ ಆಗಿದೆಯೋ? ನಮ್ಮ ಭಾಷೆಯಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಮಾತಿನಲ್ಲಿ ಅದು ಸಲೀಸು, ಆದರೆ ಲಾಗ್ ಬುಕ್‌ನಲ್ಲಿ ಯಾರು ಮಾಡಿದರು ಎಂಬುದು ಕಳೆದುಹೋದರೆ ಬೆಳಿಗ್ಗೆ ಯಾರನ್ನು ಕೇಳಬೇಕೆಂಬುದೂ ಕಳೆದುಹೋಗುತ್ತದೆ.

"ನಾಳೆ" ಎಂಬ ಪದವನ್ನು ರಾತ್ರಿ ಪಾಳಿಯವರು ಬರೆಯಲೇಬಾರದೆಂದು ನಾನು ನಮ್ಮಲ್ಲಿ ನಿಯಮ ಮಾಡಿದ್ದೇನೆ. ಆಡಿಟ್ ಮುಗಿದ ಕೂಡಲೇ ಹೋಟೆಲಿನ ದಿನಾಂಕ ಬದಲಾಗುತ್ತದೆ. ರಾತ್ರಿ 2 ಗಂಟೆಗೆ ನಿಮ್ಮ ಮನಸ್ಸಿನಲ್ಲಿ ಇನ್ನೂ ಸೋಮವಾರವೇ ಇರುತ್ತದೆ, 7 ಗಂಟೆಗೆ ಓದುವವರಿಗೆ ಅದು ಮಂಗಳವಾರ. "ನಾಳೆ 7:15" ಎಂಬುದನ್ನು ಅವರು ಬುಧವಾರವೆಂದು ಓದಿದರೆ ಅದು ಅವರ ತಪ್ಪಲ್ಲ. ನಿಮ್ಮ ಸಹೋದ್ಯೋಗಿ ಸರಿಯಾದ ದಿನವೇ ಕರೆ ಮಾಡಿದರು, ಅದು ನಿಮ್ಮ ಪುಣ್ಯ. ದಿನಾಂಕವನ್ನೂ ವಾರವನ್ನೂ ಎರಡನ್ನೂ ಬರೆಯಿರಿ.

ಕೊನೆಯದಾಗಿ "ನೋಡಿಕೊಳ್ಳಿ". ಏನನ್ನು, ಯಾರು, ಎಷ್ಟು ಹೊತ್ತಿಗೆ? ಈ ಪದವನ್ನು ಬರೆಯುವವರಿಗೆ ಕೆಲಸ ಒಪ್ಪಿಸಿದ ಸಮಾಧಾನ ಸಿಗುತ್ತದೆ, ಓದುವವರಿಗೆ ಕೆಲಸವೇನೆಂಬುದು ಸಿಗುವುದಿಲ್ಲ.

ಲಿನನ್ ರೂಮ್

ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ನೀವೆಲ್ಲರೂ ರಿಸೆಪ್ಷನ್‌ನ ಇಬ್ಬರ ನಡುವಿನ ಮಾತನ್ನೇ ಆಡುತ್ತಿದ್ದೀರಿ. ಅಂದು ರಾತ್ರಿ ಸಾಮಾನು ಹೊತ್ತ ರೂಮ್ ಬಾಯ್‌ಗೆ ಸತ್ಯ ಗೊತ್ತಿತ್ತಲ್ಲವೇ? ಅವನು 6 ಗಂಟೆಗೋ 7 ಗಂಟೆಗೋ ಮನೆಗೆ ಹೋಗಿರುತ್ತಾನೆ, ಅವನನ್ನು ಯಾರೂ ಕೇಳಿರುವುದಿಲ್ಲ. ನಮ್ಮ ಹುಡುಗಿಯರಿಗೆ 7:30ಕ್ಕೆ ಕೆಲಸ ಹಂಚುವುದು ರಿಸೆಪ್ಷನ್‌ನಿಂದ ಬಂದ ಮುದ್ರಿತ ಪಟ್ಟಿಯನ್ನು ನೋಡಿಯೇ. ಪಟ್ಟಿ ತಪ್ಪಿದ್ದರೆ ನಾವೂ ತಪ್ಪುತ್ತೇವೆ. ಆ ಅತಿಥಿ ಬಾಗಿಲು ತೆರೆಯದೇ ಇದ್ದಿದ್ದರೆ, ಇನ್ನರ್ಧ ಗಂಟೆಯಲ್ಲಿ ನಮ್ಮವರೇ ಖಾಲಿ ಕೋಣೆಯೆಂದು ತೆರೆಯುತ್ತಿದ್ದರು.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. 207 ಏನಾಯಿತು? ಬಳಸಿದ ಹಾಸಿಗೆ, ಒದ್ದೆ ಬಾತ್‌ರೂಮ್, ಕೆಟ್ಟ ಗೀಸರ್. ಅದನ್ನು ಮಾರಾಟದಿಂದ ತೆಗೆದಿಡದಿದ್ದರೆ, ನಾವು ಹಾಸಿಗೆ ಬದಲಿಸಿ ಸಿದ್ಧವೆಂದು ಗುರುತಿಸುತ್ತೇವೆ, ಮಧ್ಯಾಹ್ನ ಬಂದ ಹೊಸ ಅತಿಥಿಗೆ ಅದೇ ತಣ್ಣೀರು. ಕೋಣೆ ಬದಲಾಯಿಸಿದಾಗ ಟಿಪ್ಪಣಿಯಲ್ಲಿ ಎರಡು ಕೋಣೆಗಳ ಸ್ಥಿತಿಯೂ ಇರಬೇಕು, ಅದರ ಒಂದು ಪ್ರತಿ ನಮಗೂ ಬರಬೇಕು.

ರಾತ್ರಿಪಾಳಿ ಮೈಸೂರು

ಅಕ್ಕ, ನೀವು ಹೇಳಿದ್ದೇ ಆಯಿತು. ಅಂದು ಸಂಜೆಯವರೆಗೂ 207ರ ಗೀಸರ್ ರಿಪೇರಿಯಾಗಿರಲಿಲ್ಲ. ನಾನು ಎಲೆಕ್ಟ್ರಿಷಿಯನ್‌ಗೆ ವಾಟ್ಸಾಪ್ ಸಂದೇಶ ಕಳುಹಿಸಿ "ಹೇಳಿದೆ" ಎಂದು ಬರೆದಿದ್ದೆ. ಅವರು ಆ ದಿನ ರಜೆಯಲ್ಲಿದ್ದರು.

ಹೊಸಪೇಟೆ ಲಾಡ್ಜ್

ನನ್ನದು 18 ಕೋಣೆಗಳ ಸಣ್ಣ ಲಾಡ್ಜ್, ಹಂಪಿಗೆ ಬರುವವರೇ ಹೆಚ್ಚು. ಮಾತು ಕೊಟ್ಟದ್ದನ್ನು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನಲ್ಲೂ ಒಂದು ಉದಾಹರಣೆಯಿದೆ. ರಾತ್ರಿ 1 ಗಂಟೆಗೆ ಬಂದ ಒಬ್ಬರು 2,400 ರೂಪಾಯಿಯನ್ನು ಕ್ಯೂಆರ್ ಮೂಲಕ ಕಟ್ಟಿದರು. ಅವರ ಖಾತೆಯಿಂದ ಹಣ ಹೋಯಿತು, ನಮ್ಮ ಸೌಂಡ್‌ಬಾಕ್ಸ್ ಸುಮ್ಮನಿತ್ತು, ನಮ್ಮ ಖಾತೆಗೂ ಬರಲಿಲ್ಲ. ರಾತ್ರಿಯ ಹುಡುಗ, ಬೆಳಿಗ್ಗೆ ಹಣ ವಾಪಸ್ ಬರುತ್ತದೆ, ಆಮೇಲೆ ಕೊಡಿ ಎಂದು ಹೇಳಿ ಕೀಲಿ ಕೊಟ್ಟ. ಪುಸ್ತಕದಲ್ಲಿ "104 ಪೇಮೆಂಟ್ ಪೆಂಡಿಂಗ್" ಎಂದು ಬರೆದ. ಬೆಳಿಗ್ಗೆ ನಾನು ಅದನ್ನು ಓದಿ, ತಿಂಡಿಗೆ ಹೊರಟವರನ್ನು ಎಲ್ಲರೆದುರು ತಡೆದು ಹಣ ಕೇಳಿದೆ. ಒಮ್ಮೆ ಕೊಟ್ಟವರಿಗೆ ಅದು ಎಂಥ ಅವಮಾನ. ಅವರು ಫೋನ್ ತೆಗೆದು ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ.

ಹಳೆಯ ಡ್ಯೂಟಿ ಮ್ಯಾನೇಜರ್

ನಿಮ್ಮ ಹುಡುಗ ಕೊಟ್ಟ ಮಾತೇ ತಪ್ಪಾಗಿತ್ತು, ಬರೆಯದೇ ಹೋದದ್ದು ಎರಡನೆಯ ತಪ್ಪು. ಅಂಗಡಿ, ಹೋಟೆಲ್‌ಗಳಿಗೆ ಯುಪಿಐ ಮೂಲಕ ಕಟ್ಟಿದ ಹಣ ಕಡಿತವಾಗಿ, ದೃಢೀಕರಣ ಬಾರದಿದ್ದರೆ, ಬ್ಯಾಂಕ್ ಅದನ್ನು ಹಿಂದಿರುಗಿಸಲು ವಹಿವಾಟಿನ ದಿನದ ನಂತರ 5 ದಿನಗಳ ಅವಕಾಶವನ್ನು ರಿಸರ್ವ್ ಬ್ಯಾಂಕ್ 2019ರ ಸುತ್ತೋಲೆಯಲ್ಲಿ ಕೊಟ್ಟಿದೆ. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ "ಬೆಳಿಗ್ಗೆ ಬರುತ್ತದೆ" ಎಂದು ಅತಿಥಿಗೆ ಹೇಳುವ ಅಧಿಕಾರ ನಮಗಿಲ್ಲ. ಇಂಥ ಸಂದರ್ಭದಲ್ಲಿ ಟಿಪ್ಪಣಿಯಲ್ಲಿ ಮೊತ್ತ, ಕಟ್ಟಿದ ಸಮಯ, ಅವರ ಫೋನಿನಲ್ಲಿ ಕಾಣುವ 12 ಅಂಕಿಗಳ ವಹಿವಾಟು ಸಂಖ್ಯೆ, ನಮ್ಮ ಖಾತೆಯನ್ನು ಕೊನೆಯ ಬಾರಿ ನೋಡಿದ ಸಮಯ, ಮತ್ತು ಅತಿಥಿಗೆ ಏನು ಹೇಳಿದೆವು ಎಂಬುದು ಇರಬೇಕು. "ಪೆಂಡಿಂಗ್" ಎಂಬ ಒಂದೇ ಪದದಲ್ಲಿ ಕೊಡದವರೂ ಕೊಟ್ಟವರೂ ಒಂದೇ ಆಗಿಬಿಡುತ್ತಾರೆ.

ಮೈಸೂರಿನವರ ಪ್ರಕರಣಕ್ಕೂ ಇದೇ ಅನ್ವಯ. ಅತಿಥಿಗೆ ಆಡಿದ ಮಾತನ್ನು, ಆಡಿದ ಪದಗಳಲ್ಲಿಯೇ ಬರೆಯಬೇಕು. ಗೀಸರ್ ಕೆಟ್ಟಿದ್ದನ್ನು ಬೆಳಗಿನವರು ಹೋಗಿ ನೋಡಿ ತಿಳಿಯಬಲ್ಲರು, ಟ್ಯಾಕ್ಸಿಯನ್ನು ಡ್ರೈವರ್‌ನಿಂದ ತಿಳಿಯಬಲ್ಲರು. ನೀವು ಕೊಟ್ಟ ಮಾತು ಮಾತ್ರ ನಿಮ್ಮ ಮತ್ತು ಅತಿಥಿಯ ನಡುವೆ ಇರುತ್ತದೆ. ನೀವು ಬರೆಯದಿದ್ದರೆ ಅದನ್ನು ತಿಳಿಸುವವರು ಅತಿಥಿಯೊಬ್ಬರೇ, ಆಗ ಅವರು ಸುಳ್ಳು ಹೇಳುತ್ತಿದ್ದಾರೋ ಎಂಬ ಅನುಮಾನದಿಂದಲೇ ಮಾತು ಆರಂಭವಾಗುತ್ತದೆ.

ಉಡುಪಿ ಫ್ರಂಟ್ ಆಫೀಸ್

ಬಾಡಿಗೆ ಕಡಿಮೆ ಮಾಡುತ್ತಾರೆ ಎಂದು ಹೇಳುವ ಬದಲು, ನೀವೇ ಆ ಹೊತ್ತಿನಲ್ಲಿ ಒಂದು ನಿರ್ಧಾರ ಮಾಡಿ ಹೇಳಬಹುದಿತ್ತಲ್ಲವೇ? ನಮ್ಮಲ್ಲಿ ರಾತ್ರಿಯವರು ಮೂವರಿಗೆ ಬೆಳಗಿನ ತಿಂಡಿಯನ್ನು ಉಚಿತವಾಗಿ ಕೊಡಬಹುದು, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಬರೆದು ರೆಸ್ಟೋರೆಂಟ್‌ಗೆ ಚೀಟಿ ಕಳುಹಿಸಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಹಳೆಯ ಡ್ಯೂಟಿ ಮ್ಯಾನೇಜರ್

ಇದರಲ್ಲಿ ನನಗೆ ಪೂರ್ಣ ಒಪ್ಪಿಗೆಯಿಲ್ಲ. ರಾತ್ರಿ ಒಬ್ಬರೇ ಇರುವಾಗ, ಎದುರಿಗೆ ಸಿಟ್ಟಾದ ಅತಿಥಿ ನಿಂತಿರುವಾಗ, ಕೈ ತುಸು ಸಡಿಲವಾಗುತ್ತದೆ. "ಮ್ಯಾನೇಜರ್‌ಗೆ ತಿಳಿಸುತ್ತೇನೆ, ನೀವು ಹೊರಡುವ ಮೊದಲು ಅವರು ನಿಮ್ಮನ್ನು ಭೇಟಿಯಾಗುತ್ತಾರೆ" ಎಂದು ಹೇಳಿ, ಅದು ನಡೆಯುವಂತೆ ಟಿಪ್ಪಣಿ ಬರೆಯುವುದು ಲೇಸು.

ಉಡುಪಿ ಫ್ರಂಟ್ ಆಫೀಸ್

8ಕ್ಕೆ ಹೊರಡುವವರನ್ನು 9:30ಕ್ಕೆ ಬರುವ ಮ್ಯಾನೇಜರ್ ಹೇಗೆ ಭೇಟಿಯಾಗುತ್ತಾರೆ ಸರ್? ಅದೂ ಈಡೇರದ ಮಾತೇ ಆಗುತ್ತದೆ. ಸಣ್ಣ ಅಧಿಕಾರವನ್ನು ರಾತ್ರಿಯವರಿಗೆ ಕೊಡದಿದ್ದರೆ ಅವರು ಬೇರೆಯವರ ಹೆಸರಿನಲ್ಲಿ ಮಾತು ಕೊಡುತ್ತಲೇ ಇರುತ್ತಾರೆ.

ನನಗೆ ಇನ್ನೊಂದು ಸಂಶಯವಿದೆ. ನಮ್ಮ ಬೆಳಗಿನ ಪಾಳಿಯಲ್ಲಿ ಇಬ್ಬರು ಹೊರರಾಜ್ಯದವರಿದ್ದಾರೆ, ಅವರಿಗೆ ಕನ್ನಡ ಓದಲು ಬಾರದು. ನಾನು ಇಂಗ್ಲಿಷ್‌ನಲ್ಲಿ ಬರೆದರೆ ಎರಡು ಪದಗಳಲ್ಲಿ ನಿಂತುಬಿಡುತ್ತದೆ, ಕನ್ನಡದಲ್ಲಿ ಬರೆದರೆ ಪೂರ್ತಿ ಬರೆಯುತ್ತೇನೆ, ಆದರೆ ಅವರಿಗೆ ತಿಳಿಯುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಲಿನನ್ ರೂಮ್

ನಮ್ಮಲ್ಲಿ ಬರಹ ಕನ್ನಡದಲ್ಲಿ, ಕೋಣೆ ಸಂಖ್ಯೆ ಮತ್ತು ಸಮಯ ಮಾತ್ರ ದೊಡ್ಡ ಅಂಕಿಗಳಲ್ಲಿ. ಆಮೇಲೆ ನಿಂತು ಬಾಯಲ್ಲಿ ಹಿಂದಿಯಲ್ಲಿ ಹೇಳುತ್ತಾರೆ. ಇದು ಸರಿಯಾದ ಕ್ರಮವೋ ಅಲ್ಲವೋ ನಾನರಿಯೆ, ಆದರೆ ನಡೆಯುತ್ತಿದೆ.

ತಂತ್ರಾಂಶ ಬೆಂಗಳೂರು

ನನ್ನ ಮೊದಲ ಅಭಿಪ್ರಾಯವನ್ನು ತುಸು ತಿದ್ದಿಕೊಳ್ಳುತ್ತೇನೆ. ಆಡಿಟ್ ನಡೆಯುವಾಗ ಬದಲಾವಣೆ ಹಾಕಲಾಗದು ಎಂಬುದನ್ನು ನಾನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಆಡಿಟ್ ಆರಂಭಿಸುವ ಮೊದಲೇ 312ನ್ನು ತಡೆಹಿಡಿದಿದ್ದರೆ ಅದು ಬೆಳಿಗ್ಗೆ ಖಾಲಿ ಎಂದು ಕಾಣುತ್ತಿರಲಿಲ್ಲ. ಅದಕ್ಕೆ ಅರ್ಧ ನಿಮಿಷ ಸಾಕು.

ಹಳೆಯ ಡ್ಯೂಟಿ ಮ್ಯಾನೇಜರ್

ಇದು ಒಳ್ಳೆಯ ಸಲಹೆ. ಆದರೆ ಆಡಿಟ್ ಆಗಲೇ ಆರಂಭವಾಗಿದ್ದರೆ ಬೇರೆ ದಾರಿ ಬೇಕು. ನಾನು ಮಾಡುತ್ತಿದ್ದದ್ದು ಇಷ್ಟೆ: ಅತಿಥಿಯ ನೋಂದಣಿ ಚೀಟಿಯನ್ನು ತೆಗೆದು, ಅದರ ಮೇಲೆ ಹಳೆಯ ಕೋಣೆ ಸಂಖ್ಯೆಗೆ ಅಡ್ಡಗೆರೆ ಎಳೆದು ಹೊಸದನ್ನು ಬರೆದು, ಕೀ ಕಾರ್ಡ್ ಮಾಡುವ ಯಂತ್ರದ ಮೇಲೆಯೇ ಇಟ್ಟುಬಿಡುತ್ತಿದ್ದೆ. ಹೊಸ ಕಾರ್ಡ್ ಮಾಡಬೇಕಾದರೆ ಯಾರಾದರೂ ಆ ಚೀಟಿಯನ್ನು ಎತ್ತಲೇಬೇಕು. ಆಡಿಟ್ ಮುಗಿದ ಮೇಲೆ ಮರೆಯುವ ಭಯವೂ ಇಲ್ಲ.

ರಾತ್ರಿಪಾಳಿ ಮೈಸೂರು

ಎಲ್ಲರ ಮಾತನ್ನೂ ಇಟ್ಟುಕೊಂಡು ಅದೇ ರಾತ್ರಿಯ ಟಿಪ್ಪಣಿಯನ್ನು ಮತ್ತೆ ಬರೆದಿದ್ದೇನೆ. ದಯವಿಟ್ಟು ತಿದ್ದಿ.

"ಮಂಗಳವಾರ ಬೆಳಿಗ್ಗೆ 6:30ಕ್ಕೆ ಬರೆದದ್ದು. 207ರ ಅತಿಥಿಗಳು ಮೂವರು ರಾತ್ರಿ 1:10ರಿಂದ 312ರಲ್ಲಿ ಇದ್ದಾರೆ. ಸಾಫ್ಟ್‌ವೇರ್‌ನಲ್ಲಿ ಇನ್ನೂ 207 ಎಂದೇ ಇದೆ, 312ನ್ನು ಯಾರಿಗೂ ಕೊಡಬೇಡಿ. ಕೋಣೆ ಬದಲಾವಣೆಯನ್ನು ನಾವಿಬ್ಬರೂ ಸೇರಿ 7 ಗಂಟೆಗೆ ಹಾಕೋಣ. ಇಂದು ಮಂಗಳವಾರ 7:15ಕ್ಕೆ 312ಕ್ಕೆ ವೇಕ್‌ಅಪ್ ಕರೆ ಮಾಡಬೇಕು, ಎತ್ತದಿದ್ದರೆ ರೂಮ್ ಬಾಯ್ ಹೋಗಿ ಬಾಗಿಲು ತಟ್ಟಬೇಕು. 8:00ಕ್ಕೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಇದೆ, ಡ್ರೈವರ್ ನಂಬರ್ ಬಿಲ್‌ಗೆ ಪಿನ್ ಮಾಡಿದ್ದೇನೆ. ಅತಿಥಿಗೆ ನಾನು 'ಬೆಳಿಗ್ಗೆ ಮ್ಯಾನೇಜರ್ ನೋಡಿ ಬಾಡಿಗೆ ಕಡಿಮೆ ಮಾಡಿಕೊಡುತ್ತಾರೆ' ಎಂದು ಹೇಳಿದ್ದೇನೆ, ಮೊತ್ತ ಹೇಳಿಲ್ಲ. ಮ್ಯಾನೇಜರ್‌ಗೆ 7:30ರೊಳಗೆ ಫೋನ್ ಮಾಡಿ ಕೇಳಬೇಕು. 207ರ ಗೀಸರ್‌ನಲ್ಲಿ ಬಿಸಿನೀರು ಬರುತ್ತಿಲ್ಲ, ಸ್ವಿಚ್ಚು ಹಾಕಿದರೂ ದೀಪ ಹತ್ತುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ನಾನು 1:30ಕ್ಕೆ ವಾಟ್ಸಾಪ್ ಕಳುಹಿಸಿದ್ದೇನೆ, ಅವರು ನೋಡಿಲ್ಲ. ರಿಪೇರಿಯಾಗುವವರೆಗೆ 207ನ್ನು ಮಾರಬೇಡಿ."

ಹಳೆಯ ಡ್ಯೂಟಿ ಮ್ಯಾನೇಜರ್

ಚೆನ್ನಾಗಿದೆ. ಹೆಚ್ಚುಕಡಿಮೆ ಸಮಯದ ಕ್ರಮದಲ್ಲಿ ಬರೆದದ್ದು ಸರಿ. ಅನೇಕರು ಕೋಣೆ ಸಂಖ್ಯೆಯ ಕ್ರಮದಲ್ಲಿ ಬರೆಯುತ್ತಾರೆ, ಆಗ 7:15ರ ಕೆಲಸ ಪುಟದ ತಳದಲ್ಲಿ ಸಿಕ್ಕುತ್ತದೆ. "ದೀಪ ಹತ್ತುವುದಿಲ್ಲ" ಎಂದು ಕಂಡದ್ದನ್ನು ಬರೆದು, "ಕಾಯಿಲ್ ಹೋಗಿದೆ" ಎಂಬ ಊಹೆಯನ್ನು ಬಿಟ್ಟದ್ದು ನನಗೆ ಬಹಳ ಹಿಡಿಸಿತು. "ಗೆಸ್ಟ್ ಬೇಜಾರಾಗಿದ್ದಾರೆ" ಎಂಬುದನ್ನು ತೆಗೆದದ್ದಕ್ಕೆ ಕಾರಣವಿದೆಯೇ?

ರಾತ್ರಿಪಾಳಿ ಮೈಸೂರು

ಲಾಗ್ ಬುಕ್ ಕೌಂಟರ್ ಮೇಲೆಯೇ ಬಿದ್ದಿರುತ್ತದೆ, ಅತಿಥಿಗಳ ಕಣ್ಣಿಗೂ ಬೀಳಬಹುದು ಎಂದು ತೆಗೆದೆ.

ಲಿನನ್ ರೂಮ್

ತೆಗೆದದ್ದು ನನಗೇಕೋ ಸರಿಕಾಣಲಿಲ್ಲ. ಅತಿಥಿ ನೊಂದಿದ್ದಾರೆಂದು ಗೊತ್ತಿದ್ದರೆ ನಾವು ಬಾಗಿಲು ತಟ್ಟುವ ರೀತಿಯೇ ಬೇರೆಯಾಗುತ್ತದೆ. "ತಾಯಿಯವರಿಗೆ ವಯಸ್ಸಾಗಿದೆ, ರಾತ್ರಿ ಬಿಸಿನೀರಿಗಾಗಿ ಒಂದೂವರೆ ಗಂಟೆ ಕಾದರು" ಎಂದು ಬರೆಯಿರಿ. ಅದನ್ನು ಅತಿಥಿಯೇ ಓದಿದರೂ ನಾಚಿಕೆಪಡಬೇಕಾದ್ದಿಲ್ಲ.

ರಾತ್ರಿಪಾಳಿ ಮೈಸೂರು

ಕಾದದ್ದು ಒಂದೂವರೆ ಗಂಟೆಯಲ್ಲ ಅಕ್ಕ, 12:50ರಿಂದ 1:10ರವರೆಗೆ 20 ನಿಮಿಷ. ಆದರೆ ನೀವು ಹೇಳಿದ ರೀತಿಯಲ್ಲಿ ಒಂದು ಸಾಲು ಸೇರಿಸುತ್ತೇನೆ. ನಿನ್ನೆಯಿಂದ ನಾನು 7:10ರವರೆಗೆ ಇದ್ದು, ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ, ಬೆಳಗಿನವರು ತಮ್ಮ ಮಾತಿನಲ್ಲಿ ಮತ್ತೆ ಹೇಳಿದ ಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದೇನೆ. ಇಂದು ಬೆಳಿಗ್ಗೆ ಹಾಗೆ ಓದುವಾಗಲೇ, 118ರವರ ಸೂಟ್‌ಕೇಸ್ ಲಗೇಜ್ ಕೋಣೆಯಲ್ಲಿದೆ ಎಂಬುದನ್ನು ಬರೆಯದೆ ಬಿಟ್ಟಿದ್ದೆನೆಂದು ನೆನಪಾಯಿತು. ರಾತ್ರಿಯವರಿಗೆ ತಿಂಡಿ ಉಚಿತ ಕೊಡುವ ಅಧಿಕಾರದ ಬಗ್ಗೆ ಮ್ಯಾನೇಜರ್‌ರನ್ನು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.